ಗಟ್ಟಿಮೇಳದಲ್ಲೂ ಮಂತ್ರ ಕೇಳಬೇಕು

ಮದುವೆಯನ್ನು ಮೊಬೈಲಿನಲ್ಲಿ ನೇರವಾಗಿ ತೋರಿಸಿದಾಗ ಹೊರದೇಶದ ನೆಂಟರಿಂದ ಬರುವ ದೂರು ಹೆಚ್ಚಾಗಿ ಒಂದೇ. ಚಿತ್ರ ಚೆನ್ನಾಗಿದೆ, ಏನೂ ಕೇಳಿಸುತ್ತಿಲ್ಲ. ಕೇಳುವುದು ಫ್ಯಾನಿನ ಸದ್ದು ಮತ್ತು ಮುಂದಿನ ಸಾಲಿನಲ್ಲಿ ಕುಳಿತವರ ಮಾತು. ಪುರೋಹಿತರ ಮಂತ್ರ ಎಲ್ಲೋ ಹಿಂದೆ ಗುಂಯ್‌ಗುಡುತ್ತಿರುತ್ತದೆ.

ತಪ್ಪು ಫೋನಿನದಲ್ಲ, ದೂರದ್ದು. ಮಂಟಪ ಪೂರ್ತಿ ಕಾಣಲಿ ಎಂದು ಫೋನನ್ನು ಐದಾರು ಮೀಟರ್ ಹಿಂದೆ ಸ್ಟ್ಯಾಂಡಿಗೆ ಹಾಕಿರುತ್ತೇವೆ. ದೂರ ಎರಡರಷ್ಟಾದಾಗಲೆಲ್ಲ ಬಾಯಿಂದ ಮೈಕಿಗೆ ನೇರವಾಗಿ ತಲುಪುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಬಾಯಿಂದ 20 ಸೆಂಟಿಮೀಟರ್ ದೂರದ ಮೈಕಿಗೂ 5 ಮೀಟರ್ ದೂರದ ಮೈಕಿಗೂ ಹೀಗೆ 28 ಡೆಸಿಬಲ್‌ನಷ್ಟು ಅಂತರ ಬೀಳುತ್ತದೆ. ಫ್ಯಾನು, ಮಾತುಕತೆ, ಗೋಡೆಗೆ ಬಡಿದು ಬರುವ ಮಾರ್ದನಿ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಇದನ್ನು ಯಾವ ದುಬಾರಿ ಫೋನೂ ಸರಿಮಾಡಲಾರದು. ಕ್ಯಾಮೆರಾ ದೂರದಲ್ಲೇ ಇರಲಿ, ಮೈಕ್ ಮಾತ್ರ ಬಾಯಿಯ ಹತ್ತಿರ ಹೋಗಬೇಕು.

ಅದಕ್ಕೆ ಈಗ ಸುಲಭವಾಗಿ ಸಿಗುವುದು ಬಟ್ಟೆಗೆ ಸಿಕ್ಕಿಸುವ ವೈರ್‌ಲೆಸ್ ಕಾಲರ್ ಮೈಕ್. ಒಂದು ಜೊತೆ ಪುಟ್ಟ ಮೈಕುಗಳು, ಫೋನಿನ ಟೈಪ್-ಸಿ ಕಿಂಡಿಗೆ ಚುಚ್ಚುವ ಒಂದು ರಿಸೀವರ್. ವೈರಿನ ಮೈಕ್ ಇದ್ದು, ಫೋನಿನಲ್ಲಿ ಹಳೆಯ ದುಂಡು ಜಾಕ್ ಇದ್ದರೆ ಅದೂ ಸಾಕು. ಆದರೆ ಪಿನ್ನಿನ ಮೇಲೆ ಮೂರು ಕಪ್ಪು ಪಟ್ಟಿ ಇವೆಯೇ ನೋಡಿಕೊಳ್ಳಿ. ಎರಡೇ ಪಟ್ಟಿ ಇದ್ದರೆ ಅದು ಕ್ಯಾಮೆರಾಕ್ಕೆಂದು ಮಾಡಿದ್ದು. ಅಡಾಪ್ಟರ್ ಇಲ್ಲದೆ ಚುಚ್ಚಿದರೆ ಫೋನು ಅದನ್ನು ಮೈಕ್ ಎಂದು ಗುರುತಿಸದೆ, ತನ್ನದೇ ಮೈಕಿನಿಂದ ಸದ್ದು ಹಿಡಿಯುತ್ತಿರುತ್ತದೆ.

ಯಾವ ಮೈಕ್ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಒಂದು ನಿಮಿಷ ಸಾಕು. ಲೈವ್‌ಗೆ ಬಳಸುವ ಆ್ಯಪಿನಲ್ಲೇ ಮನೆಯವರೊಬ್ಬರಿಗೆ ಕರೆ ಹಚ್ಚಿ ಕಾಲರ್ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಫೋನಿನ ಕೆಳಅಂಚನ್ನು ಕೆರೆಯಿರಿ. ಯಾವುದು ಅವರ ಕಿವಿಗೆ ಜೋರಾಗಿ ಬಡಿಯಿತೋ ಅದೇ ನಡೆಯುತ್ತಿರುವ ಮೈಕ್. ಯಾರದೋ ಬ್ಲೂಟೂತ್ ಇಯರ್‌ಫೋನ್ ಅದೇ ಫೋನಿಗೆ ಜೋಡಿಯಾಗಿದ್ದರೂ ಸದ್ದು ಅತ್ತ ತಿರುಗಬಹುದು. ಬ್ಲೂಟೂತ್ ಆರಿಸಿಯೇ ಬಿಡಿ.

ಒಂದು ಮದುವೆಯನ್ನೇ ಇಟ್ಟುಕೊಂಡು ನೋಡೋಣ. ಮೇ ತಿಂಗಳು, ತುಮಕೂರಿನ ಒಂದು ಛತ್ರ, ಮುಹೂರ್ತ ಬೆಳಿಗ್ಗೆ 10.30ಕ್ಕೆ. ಹುಡುಗಿಯ ದೊಡ್ಡಪ್ಪ ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ಅಲ್ಲಿ ಹಿಂದಿನ ದಿನದ ರಾತ್ರಿ ಹತ್ತು ಗಂಟೆ. ಅಣ್ಣ ಸಿಡ್ನಿಯಲ್ಲಿ, ಅಲ್ಲಿ ಮಧ್ಯಾಹ್ನ ಮೂರು. ಕೈಯಲ್ಲಿರುವುದು ಎರಡು ಮೈಕು. ಒಂದು ಪುರೋಹಿತರಿಗೆ ಎಂಬುದರಲ್ಲಿ ಅನುಮಾನವಿಲ್ಲ. ಇನ್ನೊಂದನ್ನು ಓಲಗದವರ ಮುಂದೆ ಇಡೋಣ ಎನ್ನುವವರಿದ್ದಾರೆ, ನಾನು ಬೇಡ ಎನ್ನುತ್ತೇನೆ. ನಾದಸ್ವರ, ಡೋಲು ಎಲ್ಲಿದ್ದರೂ ಪುರೋಹಿತರ ಮೈಕಿಗೇ ಬೇಕಾದಷ್ಟು ಬೀಳುತ್ತವೆ. ಎರಡನೆಯದು ಹುಡುಗಿಯ ತಂದೆಗಿರಲಿ. ಸಂಕಲ್ಪ ಹೇಳುವ, ಧಾರೆ ಎರೆಯುವಾಗ ಮಗಳ ಗೋತ್ರ, ಹೆಸರು ಹೇಳುವ ದನಿ ಅವರದು. ದೂರದಲ್ಲಿ ಕೂತ ಅಣ್ಣತಮ್ಮಂದಿರಿಗೆ ಮಂತ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ಆ ದನಿ.

ಸಿಕ್ಕಿಸುವ ಜಾಗ ನೋಡಿ. ಪುರೋಹಿತರು ಅಂಗಿ ಹಾಕಿರುವುದಿಲ್ಲ, ಶಲ್ಯದ ಅಂಚೇ ಗತಿ. ಗಲ್ಲದಿಂದ ಒಂದು ಗೇಣು ಕೆಳಗೆ, ಸ್ವಲ್ಪ ಪಕ್ಕಕ್ಕೆ ಇರಲಿ. ನಟ್ಟನಡುವೆ ಇಟ್ಟರೆ ಹೋಮಕುಂಡದ ಕಡೆ ಬಾಗಿದಾಗಲೆಲ್ಲ ಗಲ್ಲ ಅಡ್ಡ ಬಂದು ದನಿ ಮಂಕಾಗುತ್ತದೆ, ಕೊರಳ ರುದ್ರಾಕ್ಷಿಯೂ ಉಜ್ಜುತ್ತದೆ. ಶಲ್ಯ ಜಾರದಂತೆ ಒಂದು ಪಿನ್ನು ಹಾಕಿ. ಮೈಕಿನ ಜೊತೆ ಬರುವ ಸ್ಪಂಜಿನ ಟೋಪಿಯನ್ನು ತೆಗೆಯಬೇಡಿ, ಫ್ಯಾನಿನ ಗಾಳಿಯ ಭರಭರ ತಗ್ಗುವುದು ಅದರಿಂದ. ಫೋನಿನಲ್ಲಿರುವ ರಿಸೀವರಿಗೆ ಮೈಕು ನೇರವಾಗಿ ಕಾಣುವಂತಿರಬೇಕು. ಈ ಅಲೆಗಳನ್ನು ಮನುಷ್ಯನ ಮೈ ಚೆನ್ನಾಗಿಯೇ ತಡೆಯುತ್ತದೆ. ಅಕ್ಷತೆ ಹಾಕಲು ಎಲ್ಲರೂ ಮಂಟಪ ಸುತ್ತಿಕೊಂಡಾಗ ಸದ್ದು ತುಂಡುತುಂಡಾಗುವುದು ಇದರಿಂದಲೇ. ಫೋನನ್ನು ತಲೆಗಳಿಗಿಂತ ಎತ್ತರದಲ್ಲಿಟ್ಟರೆ ಈ ಕಾಟ ಬಹುಪಾಲು ತಪ್ಪುತ್ತದೆ.

ನಿಜವಾದ ಪರೀಕ್ಷೆ ಮಾಂಗಲ್ಯಧಾರಣೆಯದು. ಅಲ್ಲಿಯವರೆಗೆ ಮೆಲುದನಿಯ ಮಂತ್ರ ನಡೆದಿರುತ್ತದೆ. "ಗಟ್ಟಿಮೇಳ, ಗಟ್ಟಿಮೇಳ" ಎಂದು ಪುರೋಹಿತರು ಕೈ ಬೀಸಿದೊಡನೆ ಡೋಲು ಒಮ್ಮೆಲೆ ಸಿಡಿಯುತ್ತದೆ. ಮಂತ್ರದ ಮಟ್ಟಕ್ಕೆ ಹೊಂದಿಸಿಟ್ಟ ಮೈಕು ಆ ಹೊತ್ತಿಗೆ ತಾಳಲಾರದೆ ಕರಕರ ಎಂದು ಒಡೆಯುತ್ತದೆ. ಹಾಗೆ ಒಡೆದ ಸದ್ದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ. ಆದ್ದರಿಂದ ಮಟ್ಟವನ್ನು ಹೊಂದಿಸಬೇಕಾದದ್ದು ಗಟ್ಟಿಮೇಳಕ್ಕೆ, ಮಂತ್ರಕ್ಕಲ್ಲ. ಬೆಳಿಗ್ಗೆ ಓಲಗದವರು ಬಂದ ಕೂಡಲೇ ಅವರಲ್ಲಿ ಕೇಳಿಕೊಂಡು ಅರ್ಧ ನಿಮಿಷ ಗಟ್ಟಿಮೇಳ ಬಾರಿಸಲು ಹೇಳಿ. ಮೈಕನ್ನು ಪುರೋಹಿತರು ಕೂರುವ ಜಾಗದಲ್ಲಿ ಹಿಡಿದು ಒಂದು ವಿಡಿಯೊ ತೆಗೆದು, ಇಯರ್‌ಫೋನಿನಲ್ಲಿ ಕೇಳಿ. ಒಡೆಯುತ್ತಿದ್ದರೆ ರಿಸೀವರಿನ ಗೇನ್ ಒಂದೊಂದೇ ಹೆಜ್ಜೆ ಇಳಿಸಿ. ಮಂತ್ರ ತುಸು ಮೆಲ್ಲಗಾದರೆ ಕೇಳುವವರು ತಮ್ಮ ಕಡೆ ದನಿ ಏರಿಸಿಕೊಳ್ಳಬಹುದು.

ಇಷ್ಟೆಲ್ಲ ಸರಿಯಿದ್ದೂ ನಾದಸ್ವರ ಮಾಯವಾಗುವುದುಂಟು. ವಿಡಿಯೊ ಕರೆಯ ಆ್ಯಪುಗಳು ಮಾತಿಗೆಂದು ಮಾಡಿದವು. ಒಂದೇ ಸಮನೆ ಎಳೆದ ಸ್ವರವನ್ನು ಅವು ಯಂತ್ರದ ಸದ್ದೆಂದು ತಿಳಿದು ಅಳಿಸಿಬಿಡುತ್ತವೆ. ಜೂಮ್ ಬಳಸುವುದಾದರೆ ಸೆಟ್ಟಿಂಗಿನಲ್ಲಿ Original Sound ಎಂಬುದನ್ನು ಆನ್ ಮಾಡಿ. ಐಫೋನಿನ ವಿಡಿಯೊ ಕರೆಯಲ್ಲಿ Voice Isolation ಆರಿಸಿದ್ದರೆ ಬಿಟ್ಟು Standard ಇಡಿ. ಯೂಟ್ಯೂಬ್ ಲೈವ್‌ನಲ್ಲಿ ಈ ತೊಂದರೆ ಕಡಿಮೆ, ಆದರೆ ಅದು ಹಲವು ಸೆಕೆಂಡು ತಡವಾಗಿ ತಲುಪುತ್ತದೆ. ಲೈವ್ ಅನುಮತಿಗೆ ಮೊದಲ ಸಲ ಒಂದು ದಿನದವರೆಗೂ ಕಾಯಬೇಕಾಗಬಹುದು. ಛತ್ರದ ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಪ್ರಸಾರ ನಡುವೆಯೇ ನಿಲ್ಲಲೂಬಹುದು. ನೋಡುವುದಷ್ಟೇ ಆದರೆ ಯೂಟ್ಯೂಬ್ ಸಾಕು. ದೊಡ್ಡಪ್ಪ ಅಲ್ಲಿಂದಲೇ ಆಶೀರ್ವಾದ ಹೇಳಬೇಕೆಂದರೆ ಕರೆಯೇ ಬೇಕು. ಅಲ್ಲೊಂದು ತೊಡಕಿದೆ. ರಿಸೀವರ್ ಚುಚ್ಚಿದ ಫೋನು ಅದನ್ನು ಹೆಡ್‌ಸೆಟ್ ಎಂದು ತಿಳಿದು ಅವರ ಮಾತನ್ನೂ ಅದರೊಳಗೇ ಕಳಿಸಿಬಿಡಬಹುದು. ಆಗ ಛತ್ರದಲ್ಲಿ ಏನೂ ಕೇಳುವುದಿಲ್ಲ. ಆಶೀರ್ವಾದಕ್ಕೆ ಬೇರೊಂದು ಫೋನು ಇಟ್ಟುಕೊಳ್ಳುವುದೇ ಒಳ್ಳೆಯದು.

ಡೇಟಾ ಲೆಕ್ಕ ಹೀಗೆ. ಸೆಕೆಂಡಿಗೆ 1.5 ಮೆಗಾಬಿಟ್‌ನ ವಿಡಿಯೊ ಗಂಟೆಗೆ ಸುಮಾರು 675 ಎಂಬಿ ತಿನ್ನುತ್ತದೆ, ಮೂರು ಗಂಟೆಗೆ ಎರಡು ಜಿಬಿ. ಅದರಲ್ಲಿ ಸದ್ದಿನ ಪಾಲು ಹತ್ತರಲ್ಲೊಂದೂ ಇಲ್ಲ. ಛತ್ರ ತುಂಬಿ ನೆಟ್‌ವರ್ಕ್ ಸೊರಗಿದರೆ ಚಿತ್ರದ ಗುಣಮಟ್ಟ ಇಳಿಸಿ ಸದ್ದನ್ನು ಉಳಿಸಿಕೊಳ್ಳಿ. ಸಾಧ್ಯವಾದರೆ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ವೈಫೈನಿಂದ ನಡೆಸಿ, ನಡುವೆ ಬರುವ ಕರೆ ಪ್ರಸಾರವನ್ನು ಕಡಿಯುವ ಸಾಧ್ಯತೆ ಕಡಿಮೆಯಾಗುತ್ತದೆ. ಚಾರ್ಜಿಂಗ್ ಕಿಂಡಿಯಲ್ಲಿ ರಿಸೀವರ್ ಕೂತಿರುತ್ತದೆ ಎಂಬುದು ನೆನಪಿರಲಿ. ಕೊಳ್ಳುವಾಗಲೇ ಚಾರ್ಜರ್ ಸಿಕ್ಕಿಸಲು ಜಾಗವಿರುವ ರಿಸೀವರ್ ಕೊಳ್ಳಿ.

ಮಾಂಗಲ್ಯಧಾರಣೆ, ಸಪ್ತಪದಿ ಮುಗಿದ ಮೇಲೆ ಮೈಕುಗಳನ್ನು ತೆಗೆಯಲು ಒಬ್ಬರನ್ನು ಮೊದಲೇ ಗೊತ್ತುಮಾಡಿ. ಹುಡುಗಿಯ ತಂದೆ ಮಂಟಪದಿಂದೆದ್ದು ಅಡುಗೆಯವರ ಹತ್ತಿರ ಲೆಕ್ಕ ಮಾತಾಡಲು ಹೋಗುತ್ತಾರೆ. ಕೊರಳ ಕೆಳಗಿನ ಮೈಕು ಆಗಲೂ ಆನ್ ಇದ್ದರೆ ಆ ಮಾತು ಸಿಡ್ನಿಗೂ ಕ್ಯಾಲಿಫೋರ್ನಿಯಾಕ್ಕೂ ಸ್ಪಷ್ಟವಾಗಿಯೇ ತಲುಪುತ್ತದೆ.