ಹೃದಯದ ಡಾಕ್ಟರಿಗೆ ಮೊಣಕಾಲಿನ ಸುದ್ದಿ

ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿದೆ. ಸಂಜೆ ಆರರ ಹೊತ್ತಿಗೆ ಕ್ಲಿನಿಕ್ಕಿನ ಹೊರಗಿನ ಬೆಂಚುಗಳು ತುಂಬಿವೆ. ಕೆಮ್ಮಿನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ ತಾಯಿ, ಕೈಗೆ ಚೊಗರು ಮೆತ್ತಿದ ಸುಲಿತದ ಹೆಂಗಸರು, ಬಿಪಿ ನೋಡಿಸಲು ಬಂದ ನಿವೃತ್ತ ಮೇಷ್ಟ್ರು ಎಲ್ಲರೂ ಕಾದಿದ್ದಾರೆ. ಬೆಂಚಿನ ತುದಿಯಲ್ಲಿ 61 ವರ್ಷದ ತೋಟದ ಯಜಮಾನರು ಹೆಂಡತಿಯ ಜೊತೆ ಕೂತಿದ್ದಾರೆ. ಅವರನ್ನು ನೋಡಿ ಆಗಿದೆ, ಇಸಿಜಿಯೂ ಆಗಿದೆ. ಅವರು ಕಾಯುತ್ತಿರುವುದು ಶಿವಮೊಗ್ಗದ ಹೃದ್ರೋಗ ತಜ್ಞರಿಗೆ ಡಾಕ್ಟರು ಬರೆದುಕೊಡಬೇಕಾದ ಒಂದು ಕಾಗದಕ್ಕೆ.

ಒಳಗೆ ಮೇಜಿನ ಮೇಲೆ ಯಜಮಾನರ ಹಳೆಯ ಫೈಲು ಬಿಚ್ಚಿಕೊಂಡಿದೆ. ಇವತ್ತಿನ ಚೀಟಿಯಲ್ಲಿ ಡಾಕ್ಟರು ಪರೀಕ್ಷೆ ಮಾಡುತ್ತಲೇ ಗೀಚಿಕೊಂಡದ್ದು ಇಷ್ಟು: ‘ಎದೆ ಬಿಗಿ, ಏರು, 6 ವಾರ. ನಿಂತರೆ ಹೋಗುತ್ತೆ. ಗ್ಯಾಸ್? ರಾತ್ರಿ? ಅಪ್ಪ 52. ಬೀಡಿ ಬಿಟ್ಟು 4. ಬಿಪಿ 150/90, ನಾಡಿ 88. ಬಲ ಮೊಣಕಾಲು.’ ಬರೆದವರಿಗೆ ಇದು ಪೂರ್ತಿ ಕಥೆ. ಅರವತ್ತು ಕಿಲೋಮೀಟರ್ ಆಚೆ, ಒಂದೇ ದಿನ ಹತ್ತಾರು ರೋಗಿಗಳನ್ನು ನೋಡುವ ಇನ್ನೊಬ್ಬ ವೈದ್ಯರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ‘ಎದೆನೋವು, ದಯವಿಟ್ಟು ನೋಡಿ’ ಎಂದು ಒಂದು ಸಾಲು ಬರೆದು ಸಹಿ ಹಾಕಿ ಕಳಿಸುವುದೂ ಉಂಟು. ಹಾಗೆ ಹೋದ ರೋಗಿ ಅಲ್ಲಿ ಮೊದಲಿಂದ ಶುರು ಮಾಡಬೇಕು, ಮೂರು ವರ್ಷದ ಹಿಂದಿನದನ್ನು ಮರೆತೇ ಬಿಟ್ಟಿರುತ್ತಾನೆ. ಈ ಡಾಕ್ಟರು ಲೆಟರ್‌ಹೆಡ್ಡಿನ ಹಾಳೆಯೊಂದನ್ನು ಎಳೆದುಕೊಂಡು, ಬರೆಯುವುದಕ್ಕೆ ಮುಂಚೆ ‘ರಾತ್ರಿ?’ ಎಂಬಲ್ಲಿ ಬೆರಳಿಡುತ್ತಾರೆ. ಆ ಪ್ರಶ್ನೆಗೆ ಚೀಟಿಯಲ್ಲಿ ಉತ್ತರವಿಲ್ಲ. ಬೆಲ್ಲು ಒತ್ತಿ ಗಂಡಹೆಂಡತಿಯನ್ನು ಮತ್ತೆ ಒಳಗೆ ಕರೆಸುತ್ತಾರೆ.

“ಯಜಮಾನ್ರೇ, ಸುಮ್ಮನೆ ಕೂತಾಗ, ಮಲಗಿದಾಗ ಎದೆ ಹಿಡಿದದ್ದು ಉಂಟಾ? ರಾತ್ರಿ ಎಚ್ಚರ ಆಗಿದ್ದು?”

“ಇಲ್ಲ ಡಾಕ್ಟ್ರೇ. ರಾತ್ರಿ ಏಳೋದು ಒಂದಕ್ಕೆ ಮಾತ್ರ.”

ಡಾಕ್ಟರು ಹೆಂಡತಿಯ ಕಡೆ ತಿರುಗುತ್ತಾರೆ. “ಹೌದಾ ಅಮ್ಮಾ?”

“ರಾತ್ರಿ ಏನಿಲ್ಲ ಡಾಕ್ಟ್ರೇ. ತೋಟದಿಂದ ಮನೆಗೆ ಹತ್ತುವಾಗಲೇ. ಮುಂಚೆ ಒಂದೇ ಉಸಿರಿಗೆ ಬರ್ತಿದ್ರು. ಈಗ ಹಲಸಿನ ಮರದ ಹತ್ರ ಒಂದ್ಸಲ, ಬಚ್ಚಲ ಕೊಟ್ಟಿಗೆ ಹತ್ರ ಒಂದ್ಸಲ ನಿಲ್ತಾರೆ. ಊಟ ಮಾಡಿ ಹೊರಟ್ರೆ ಬೇಗ ಬರುತ್ತೆ. ಗ್ಯಾಸು ಅಂತ ಜೀರಿಗೆ ಕಷಾಯ ಕುಡೀತಾರೆ.”

“ಒಂದು ತಿಂಗಳ ಹಿಂದೆಯೂ ಎರಡೇ ಸಲ ನಿಲ್ತಿದ್ರಾ?”

“ಹೌದು, ಅಷ್ಟೇ. ಜಾಸ್ತಿ ಆಗಿಲ್ಲ.”

ಈ ನಾಲ್ಕು ಮಾತಿನಲ್ಲಿ ಎರಡು ದೊಡ್ಡ ತೀರ್ಮಾನಗಳಿವೆ. ಮೊದಲನೆಯದು, ಇದು ಗ್ಯಾಸ್ ಅಲ್ಲ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್ ಈ ಕಾಯಿಲೆಯನ್ನು 1768ರಲ್ಲಿ ಅಲ್ಲಿನ ವೈದ್ಯರ ಸಭೆಯ ಮುಂದೆ ವಿವರಿಸಿದಾಗ ಇಸಿಜಿಯೂ ಇರಲಿಲ್ಲ, ಸ್ಟೆತಸ್ಕೋಪೂ ಇರಲಿಲ್ಲ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಉಂಡ ಮೇಲೆ ಬರುವ ಬಿಗಿತ. ನಿಂತ ಕೂಡಲೇ ಮಾಯ. ಅವರು ಹೇಳಿದ ಈ ಲಕ್ಷಣವೇ ಇವತ್ತಿಗೂ ಆಂಜೈನಾದ ಗುರುತು. ಕಿರಿದಾದ ರಕ್ತನಾಳ ಕೂತ ಮನುಷ್ಯನ ಹೃದಯಕ್ಕೆ ಸಾಕಾಗುವಷ್ಟು ರಕ್ತ ಕೊಡುತ್ತದೆ, ಏರು ಹತ್ತುವವನ ಹೃದಯಕ್ಕೆ ಕೊಡಲಾರದು. ಹೊಟ್ಟೆಯ ಗ್ಯಾಸಿಗೆ ಹಲಸಿನ ಮರದ ಹತ್ತಿರ ನಿಂತದ್ದು ಗೊತ್ತಾಗುವುದಿಲ್ಲ.

ಎರಡನೆಯದು, ಅವಸರ ಎಷ್ಟು ಎಂಬುದು. ಕೂತಲ್ಲೇ ನೋವು ಬಂದಿದ್ದರೆ, ಅಥವಾ ಎರಡು ನಿಲುಗಡೆ ನಾಲ್ಕಾಗಿ, ಬಚ್ಚಲಿಗೆ ಹೋಗಿ ಬರುವುದೂ ಕಷ್ಟವಾಗಿದ್ದರೆ, ಡಾಕ್ಟರು ಕಾಗದ ಬರೆಯುತ್ತಾ ಕೂರುತ್ತಿರಲಿಲ್ಲ. ಇಲ್ಲಿಂದಲೇ 108 ಕರೆಸಿ ಆಸ್ಪತ್ರೆಗೆ ಕಳಿಸುತ್ತಿದ್ದರು. ನೋವು ಒಂದೇ ಅಳತೆಯಲ್ಲಿ ನಿಂತಿರುವುದರಿಂದ ಕೆಲವು ದಿನಗಳ ಅವಕಾಶವಿದೆ. ಅದಕ್ಕೇ ಹಾಳೆಯ ಮೊದಲ ಸಾಲಿಗೇ ಅದು ಬರುತ್ತದೆ: ‘ಒಂದು ವಾರದೊಳಗೆ ನೋಡಬೇಕೆಂದು ಕೋರಿಕೆ. ಹೊಸದಾಗಿ ಶುರುವಾದ, ಶ್ರಮದಿಂದ ಬರುವ ಆಂಜೈನಾ. ವಿಶ್ರಾಂತಿಯಲ್ಲಿ ನೋವಿಲ್ಲ, ಹೆಚ್ಚುತ್ತಿಲ್ಲ.’

ಅದರ ಕೆಳಗೆ ತೋಟದ ಏರು ಬರುತ್ತದೆ. ‘ಏರುದಾರಿಯಲ್ಲಿ ಎರಡು ಕಡೆ ನಿಲ್ಲಬೇಕು, ಎರಡು ಮೂರು ನಿಮಿಷದಲ್ಲಿ ಶಮನ, ನೋವು ಎಡ ದವಡೆಗೆ ಹರಡುತ್ತದೆ.’ ಚಿಕಿತ್ಸೆಯ ನಂತರ ಗುಣವಾಯಿತೋ ಇಲ್ಲವೋ ಎಂದು ಇದೇ ದಾರಿಯನ್ನು ಹತ್ತಿಸಿ ಕೇಳಬಹುದು. ಅಪ್ಪ 52ನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡದ್ದು, ಮೂವತ್ತು ವರ್ಷ ಬೀಡಿ ಸೇದಿ ನಾಲ್ಕು ವರ್ಷದ ಹಿಂದೆ ಬಿಟ್ಟದ್ದು, ಬಿಪಿಗೆ ಆಮ್ಲೋಡಿಪಿನ್ 5 ತೆಗೆದುಕೊಳ್ಳುತ್ತಿರುವುದು, ಸಕ್ಕರೆ ಕಾಯಿಲೆ ಇಲ್ಲದಿರುವುದು, ಇವೆಲ್ಲ ಎರಡು ಸಾಲಿನಲ್ಲಿ ಮುಗಿಯುತ್ತವೆ.

ಈಗ ಇಸಿಜಿ. ಇವತ್ತಿನ ಪಟ್ಟಿಯನ್ನು ಡಾಕ್ಟರು ಮೇಜಿನ ಮೇಲೆ ಅಂಗೈಯಿಂದ ಚಪ್ಪಟೆ ಮಾಡಿ, ಫೈಲಿನಿಂದ ಎರಡು ವರ್ಷದ ಹಿಂದಿನದನ್ನು ಹುಡುಕಿ ಪಕ್ಕದಲ್ಲಿಡುತ್ತಾರೆ. ಹಳೆಯದರ ಬಣ್ಣ ಮಾಸಿದೆ, ಆದರೆ ಗೆರೆ ಓದಲು ಬರುತ್ತದೆ. ವಿ5, ವಿ6 ಎಂಬ ಎರಡು ಲೀಡುಗಳಲ್ಲಿ ಆಗ ಎದ್ದು ನಿಂತಿದ್ದ ಟಿ ಅಲೆ ಇವತ್ತು ಮಲಗಿದಂತಿದೆ. ಇವತ್ತಿನದೊಂದನ್ನೇ ನೋಡಿದರೆ ‘ಹೆಚ್ಚೇನಿಲ್ಲ’ ಎನ್ನಬಹುದು. ಎರಡನ್ನೂ ಜೋಡಿಸಿದಾಗ ಬದಲಾವಣೆ ಹೊಸದೆಂದು ಗೊತ್ತಾಗುತ್ತದೆ. ಶಿವಮೊಗ್ಗದ ಆಸ್ಪತ್ರೆ ಹೊಸ ಇಸಿಜಿಯನ್ನು ಎಷ್ಟು ಬೇಕಾದರೂ ತೆಗೆಯಬಲ್ಲದು. ಹಳೆಯದು ಇರುವುದು ಈ ಫೈಲಿನಲ್ಲಿ ಮಾತ್ರ. ಎರಡಕ್ಕೂ ದಿನಾಂಕ ಬರೆದು, ಜೆರಾಕ್ಸ್ ಮಾಡಿಸಲು ಕಾಂಪೌಂಡರ್ ಕೈಗೆ ಕೊಡುತ್ತಾರೆ.

ಇಲ್ಲಿಗೆ ಹೃದಯದ ವಿಷಯ ಮುಗಿಯಿತು. ಹಾಳೆಯ ಅರ್ಧ ಇನ್ನೂ ಖಾಲಿಯಿದೆ. ಡಾಕ್ಟರು ಚೀಟಿಯ ಕೊನೆಯ ಪದಕ್ಕೆ ಬರುತ್ತಾರೆ: ಬಲ ಮೊಣಕಾಲು.

ಹೃದ್ರೋಗ ತಜ್ಞರಿಗೆ ಮೊಣಕಾಲೇಕೆ? ಫೈಲನ್ನು ಹಿಂದಕ್ಕೆ ಮಗುಚಿದರೆ ಉತ್ತರ ಸಿಗುತ್ತದೆ. ಮೂರು ವರ್ಷದ ಹಿಂದಿನ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿದೆ: ‘ಕಪ್ಪು ಮಲ. ಹಿಮೋಗ್ಲೋಬಿನ್ 7.8. ಕಳಿಸಿದೆ.’ ಆ ವರ್ಷ ಯಜಮಾನರು ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದ್ದರು. ಜಠರದಲ್ಲಿ ಹುಣ್ಣಾಗಿ ರಕ್ತ ಸೋರಿತ್ತು. ಎಂಡೋಸ್ಕೋಪಿ ಆಗಿತ್ತು, ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಈಗ ಹೊಟ್ಟೆ ಸರಿಯಾಗಿದೆ ಎಂದು ಅವರು ಅದನ್ನು ಯಾರಿಗೂ ಹೇಳುವುದಿಲ್ಲ. ಎದೆನೋವಿಗೆ ಹೋದವನು ಹೊಟ್ಟೆಯ ಹಳೆಯ ಕಥೆ ಯಾಕೆ ಹೇಳಬೇಕು?

ಹೇಳಲೇಬೇಕು, ಯಾಕೆಂದರೆ ಸ್ಟೆಂಟ್ ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ ಸೇರಿಸಿ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಹಿಂದೆ ಹೊಟ್ಟೆಯಲ್ಲಿ ರಕ್ತಸ್ರಾವವಾದವರಿಗೆ ಈ ಜೋಡಿ ಮಾತ್ರೆ ಅಪಾಯ. ಮೊದಲೇ ಗೊತ್ತಿದ್ದರೆ ತಜ್ಞರು ಅವಧಿಯನ್ನು ಮೊಟಕು ಮಾಡಬಹುದು, ಹೊಟ್ಟೆಯನ್ನು ಕಾಯುವ ಮಾತ್ರೆ ಜೊತೆಗಿಡಬಹುದು, ಸ್ಟೆಂಟ್ ಈಗಲೇ ಬೇಕೇ ಅಥವಾ ಔಷಧಿಯಲ್ಲೇ ನೋಡೋಣವೇ ಎಂದು ಯೋಚಿಸಬಹುದು. ಸ್ಟೆಂಟ್ ಹಾಕಿದ ಮೇಲೆ ರಕ್ತ ಸೋರಲು ಶುರುವಾದರೆ ಮಾತ್ರೆ ನಿಲ್ಲಿಸುವಂತಿಲ್ಲ, ಮುಂದುವರಿಸುವಂತಿಲ್ಲ. ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು.

ಅಂಗಡಿಯಿಂದ ತಂದು ನುಂಗಿದ ಆ ಡೈಕ್ಲೋಫೆನಾಕ್ ಕಿಡ್ನಿಯನ್ನೂ ಮುಟ್ಟಿರಬಹುದು. ಮೂರು ವರ್ಷದ ಹಿಂದೆ 1.1 ಇದ್ದ ಕ್ರಿಯಾಟಿನಿನ್ ಎರಡು ತಿಂಗಳ ಹಿಂದೆ 1.5 ಬಂದಿದೆ. ಬಿಪಿಯೂ ಕಾರಣವಿದ್ದೀತು. ಕಾರಣ ಯಾವುದಾದರೂ, ಆಂಜಿಯೋಗ್ರಾಂ ಮಾಡುವಾಗ ರಕ್ತನಾಳಕ್ಕೆ ಬಿಡುವ ಕಾಂಟ್ರಾಸ್ಟ್ ದ್ರಾವಣ ದಣಿದ ಕಿಡ್ನಿಗೆ ಭಾರವಾಗಬಹುದು. ಗೊತ್ತಿದ್ದರೆ ಮೊದಲೇ ಸಲೈನ್ ಕೊಟ್ಟು, ದ್ರಾವಣವನ್ನು ಕಡಿಮೆ ಬಳಸುತ್ತಾರೆ. ಡಾಕ್ಟರು ಎರಡೂ ಅಂಕಿಗಳನ್ನು ದಿನಾಂಕದ ಸಮೇತ ಬರೆಯುತ್ತಾರೆ. 1.5 ಒಂದೇ ಇದ್ದರೆ ಅದೊಂದು ಅಂಕಿ; 1.1ರ ಪಕ್ಕದಲ್ಲಿ ಇಟ್ಟಾಗ ಕಿಡ್ನಿ ಎತ್ತ ಸಾಗುತ್ತಿದೆ ಎಂದು ತಿಳಿಯುತ್ತದೆ.

ಕೊನೆಗೆ ಮೊಣಕಾಲೇ. ಎದೆನೋವಿನವರನ್ನು ಅನೇಕ ಕಡೆ ಮೊದಲು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುತ್ತಾರೆ. ಯಜಮಾನರ ಬಲಗಾಲು ಆ ವೇಗಕ್ಕೆ ಬಾರದು. ಹೃದಯ ಸಾಕಷ್ಟು ಬಡಿದುಕೊಳ್ಳುವ ಮುಂಚೆಯೇ ಮೊಣಕಾಲು ಸೋತರೆ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ, ಅದರಿಂದ ಏನನ್ನೂ ಹೇಳಲು ಬರುವುದಿಲ್ಲ. ಅರ್ಧ ಪರೀಕ್ಷೆಯನ್ನು ‘ತೊಂದರೆ ಇಲ್ಲ’ ಎಂದು ತಿಳಿದುಕೊಂಡು ಮನೆಗೆ ಬರುವವರಿದ್ದಾರೆ. ಪತ್ರದಲ್ಲಿ ಡಾಕ್ಟರು ನೇರವಾಗಿ ಬರೆಯುತ್ತಾರೆ: ‘ಟ್ರೆಡ್‌ಮಿಲ್ ಪೂರೈಸಲಾರರು. ಬೇರೆ ಪರೀಕ್ಷೆ ಯಾವುದು ಸೂಕ್ತ ಎಂಬುದನ್ನು ತಾವು ನಿರ್ಧರಿಸಬೇಕು.’

ಇನ್ನು ಇವತ್ತಿನಿಂದ ಶುರು ಮಾಡಿದ ಔಷಧಿ. ಆಸ್ಪಿರಿನ್ 75, ಜೊತೆಗೆ ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಅಟೋರ್ವಾಸ್ಟಾಟಿನ್ 40, ನಾಡಿ ತಗ್ಗಿಸಲು ಮೆಟೊಪ್ರೊಲಾಲ್ 25, ನೋವು ಬಂದಾಗ ನಾಲಿಗೆ ಕೆಳಗಿಡಲು ಸಾರ್ಬಿಟ್ರೇಟ್ 5. ಹಳೆಯ ಹುಣ್ಣಿದ್ದೂ ಆಸ್ಪಿರಿನ್ ಯಾಕೆ ಕೊಟ್ಟೆ ಎಂಬುದಕ್ಕೂ ಒಂದು ಸಾಲು: ಹುಣ್ಣು ಮಾಗಿದೆ, ಅದಕ್ಕೆ ಕಾರಣವಾದ ಮಾತ್ರೆ ನಿಂತಿದೆ, ಹೃದಯದ ಅಪಾಯ ಈಗ ದೊಡ್ಡದು. ಕಾರಣ ಬರೆದಿದ್ದರೆ ತಜ್ಞರು ಒಪ್ಪಬಹುದು, ತಿದ್ದಬಹುದು.

ಕಾಗದ ಮಡಚುವ ಮುಂಚೆ ಡಾಕ್ಟರು ಇನ್ನೊಂದು ಸಣ್ಣ ಚೀಟಿಯಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಮ್ಮನ ಕೈಗೇ ಕೊಡುತ್ತಾರೆ. “ಎದೆ ಹಿಡಿದ್ರೆ ಕೂತ್ಕೊಂಡು ಈ ಮಾತ್ರೆ ನಾಲಿಗೆ ಕೆಳಗೆ ಇಡಿ. ನಿಂತು ಇಟ್ರೆ ತಲೆ ತಿರುಗುತ್ತೆ. ಐದು ನಿಮಿಷದಲ್ಲಿ ಹೋಗದಿದ್ರೆ, ಕೂತಲ್ಲೇ ನೋವು ಬಂದ್ರೆ, ಮುಂದಿನ ವಾರದ ಡೇಟು ಕಾಯೋದು ಬೇಡ. 108ಕ್ಕೆ ಫೋನ್ ಮಾಡಿ. ಮಲ ಕಪ್ಪಾದ್ರೆ ಅದೇ ದಿನ ನನಗೆ ಹೇಳಿ. ಮೊಣಕಾಲಿಗೆ ಅಂಗಡಿ ಮಾತ್ರೆ ಒಂದೂ ಬೇಡ.”

ಪತ್ರದ ಕೊನೆಯಲ್ಲಿ ಧನ್ಯವಾದದ ಜೊತೆ ಒಂದು ಕೋರಿಕೆ: ‘ಸ್ಟೆಂಟ್ ಹಾಕಿದರೆ ಯಾವ ಮಾತ್ರೆಯನ್ನು ಯಾವ ತಾರೀಖಿನವರೆಗೆ ಎಂದು ದಯವಿಟ್ಟು ಬರೆದು ಕಳಿಸಿ.’ ತಜ್ಞರು ಯಜಮಾನರನ್ನು ವರ್ಷಕ್ಕೆ ಎರಡು ಮೂರು ಸಲ ನೋಡಿಯಾರು. ಮಾತ್ರೆ ಮುಗಿದಾಗ, ಹಲ್ಲು ಕೀಳಿಸಬೇಕಾದಾಗ, ಮೊಣಕಾಲು ಮತ್ತೆ ಕಾಡಿದಾಗ ಅವರು ಬರುವುದು ಈ ಬೆಂಚಿಗೇ. ಆ ದಿನ ‘ನಿಲ್ಲಿಸಬಹುದೇ?’ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಗಬೇಕಾದರೆ, ಹೋದ ಕಾಗದಕ್ಕೆ ಮಾರುತ್ತರ ಬಂದು ಇದೇ ಫೈಲಿನಲ್ಲಿ ಸೇರಬೇಕು.