ಜಾಗ ಇದೆ, ಗೇಮ್ ಮಾತ್ರ ಹಿಡಿಸುತ್ತಿಲ್ಲ

ಲ್ಯಾಪ್‌ಟಾಪ್ ತುಂಬಿಹೋಗಿದೆ. ಅದರಲ್ಲಿರುವ 60 ಜಿಬಿಯ ಗೇಮ್ ಒಂದನ್ನು ಹಳೆಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಸಾಗಿಸಿಬಿಡೋಣ ಎಂದು ಕಾಲೇಜು ಹುಡುಗನೊಬ್ಬ ಕೂರುತ್ತಾನೆ. ಡಿಸ್ಕ್‌ನಲ್ಲಿ 300 ಜಿಬಿ ಖಾಲಿಯಿದೆ. ಆದರೂ ಅರ್ಧ ದಾರಿಯಲ್ಲಿ ಕಾಪಿ ನಿಂತು, ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ: "too large for the destination file system".

ಜಾಗ ಸಾಲದೆ ಬಂದ ತಕರಾರಲ್ಲ ಇದು. ಟಿವಿಯಲ್ಲಿ ಸಿನಿಮಾ ನೋಡಲೆಂದು ಆ ಡಿಸ್ಕ್ ಅನ್ನು ಯಾವತ್ತೋ FAT32 ಆಗಿ ಫಾರ್ಮ್ಯಾಟ್ ಮಾಡಲಾಗಿತ್ತು. ಯಾವ ಫೈಲ್ ಎಲ್ಲಿದೆ, ಎಷ್ಟು ದೊಡ್ಡದು ಎಂದು ಡ್ರೈವ್ ಬರೆದಿಟ್ಟುಕೊಳ್ಳುವ ಲೆಕ್ಕದ ಪುಸ್ತಕವೇ ಫೈಲ್ ಸಿಸ್ಟಮ್. FAT32ನ ಪುಸ್ತಕದಲ್ಲಿ ಫೈಲಿನ ಗಾತ್ರ ಬರೆಯುವ ಅಂಕಣವೇ ಚಿಕ್ಕದು. ಸುಮಾರು 4 ಜಿಬಿ ದಾಟಿದ ಫೈಲನ್ನು ಅಲ್ಲಿ ನಮೂದಿಸಲು ಬರುವುದಿಲ್ಲ. ಇಂದಿನ ಅನೇಕ ಗೇಮ್‌ಗಳು ಚಿತ್ರ, ಸದ್ದು ಎಲ್ಲವನ್ನೂ ಅದಕ್ಕಿಂತ ದೊಡ್ಡ ಒಂದೇ ಫೈಲಿನಲ್ಲಿ ಕಟ್ಟಿಡುತ್ತವೆ. ಅಂಥದೊಂದು ಎದುರಾದ ಕೂಡಲೇ ಕಾಪಿ ನಿಲ್ಲುತ್ತದೆ.

ಉಳಿಯುವ ಆಯ್ಕೆ ಎರಡು: exFAT ಮತ್ತು NTFS. ಮೈಕ್ರೋಸಾಫ್ಟ್ 2006ರಲ್ಲಿ ತಂದ exFATನಲ್ಲಿ ಆ 4 ಜಿಬಿಯ ತಡೆ ಇಲ್ಲ. ವಿಂಡೋಸ್, ಮ್ಯಾಕ್ ಎರಡೂ ಅದರಲ್ಲಿ ಓದುತ್ತವೆ, ಬರೆಯುತ್ತವೆ. NTFS ಡ್ರೈವ್‌ನಿಂದ ಮ್ಯಾಕ್ ಓದುತ್ತದೆ ಅಷ್ಟೆ, ತಾನಾಗಿ ಬರೆಯುವುದಿಲ್ಲ. ಹಾಗಿದ್ದರೂ ವಿಂಡೋಸ್‌ನಲ್ಲೇ ಆಡುವವರಿಗೆ NTFS ವಾಸಿ. ಅದು ಮಾಡಹೊರಟ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಅಪ್‌ಡೇಟ್ ನಡೆಯುವಾಗ ಕೇಬಲ್ ಸಡಿಲವಾದರೆ ಆ ದಿನಚರಿ ನೋಡಿ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. exFATಗೆ ಆ ದಿನಚರಿ ಇಲ್ಲ.

ಇನ್ನೊಂದು ವ್ಯತ್ಯಾಸ ಜಾಗದ್ದು. ದೊಡ್ಡ ಡ್ರೈವ್‌ಗಳಲ್ಲಿ ವಿಂಡೋಸ್ exFATಗೆ ಸಾಮಾನ್ಯವಾಗಿ 128 ಕೆಬಿಯ ಖಾನೆಗಳನ್ನು ಮಾಡುತ್ತದೆ, NTFSಗೆ 4 ಕೆಬಿಯವು. 10 ಕೆಬಿಯ ಪುಟ್ಟ ಫೈಲ್ ಕೂಡ exFATನಲ್ಲಿ 128 ಕೆಬಿಯ ಇಡೀ ಖಾನೆಯನ್ನೇ ಹಿಡಿಯುತ್ತದೆ. ಅಂಥ 50,000 ಫೈಲ್‌ಗಳಿರುವ ಗೇಮ್ ಆದರೆ, ಅರ್ಧ ಜಿಬಿಯ ಸರಕಿಗೆ 6 ಜಿಬಿಗೂ ಹೆಚ್ಚು ಜಾಗ ಹೋಗುತ್ತದೆ.

ಫಾರ್ಮ್ಯಾಟ್ ಮಾಡಿದರೆ ಡ್ರೈವ್‌ನಲ್ಲಿದ್ದುದೆಲ್ಲ ಹೋಗುತ್ತದೆ. ಬೇಕಾದದ್ದನ್ನು ಬೇರೆಡೆ ಇಟ್ಟು, ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ Format ಆರಿಸಿ, File system ಎದುರು NTFS ಇಟ್ಟು, ಉಳಿದದ್ದನ್ನು ಇದ್ದ ಹಾಗೇ ಬಿಟ್ಟರಾಯಿತು. FAT32 ಡಿಸ್ಕ್‌ಗೆ ಮಾತ್ರ ಇನ್ನೊಂದು ದಾರಿಯಿದೆ. ಕಮ್ಯಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಬರೆದರೆ, ಒಳಗಿನ ಸಿನಿಮಾ, ಫೋಟೋಗಳು ಅಲ್ಲೇ ಇರುವಂತೆ ಡಿಸ್ಕ್ NTFSಗೆ ಬದಲಾಗುತ್ತದೆ:

```
convert E: /fs:ntfs
```

E ಎಂಬಲ್ಲಿ ಆ ಡ್ರೈವ್‌ನ ಅಕ್ಷರ ಇರಬೇಕು. ನಡುವೆ ಕರೆಂಟ್ ಹೋದರೆ ಎಂಬ ಭಯಕ್ಕಾದರೂ ಮುಖ್ಯವಾದದ್ದರ ಇನ್ನೊಂದು ಪ್ರತಿ ಇಟ್ಟುಕೊಂಡಿರಬೇಕು. exFAT ಡಿಸ್ಕ್ ಮೇಲೆ ಈ ಆಜ್ಞೆ ನಡೆಯುವುದಿಲ್ಲ.

ಗೇಮ್ ಕನ್ಸೋಲ್ ಇರುವವರಿಗೆ ಈ ತಲೆನೋವಿಲ್ಲ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳು ಡ್ರೈವ್ ಅನ್ನು ತಮಗೆ ಬೇಕಾದಂತೆ ತಾವೇ ಫಾರ್ಮ್ಯಾಟ್ ಮಾಡಿಕೊಳ್ಳುತ್ತವೆ. ಮಿತಿ ಬೇರೆ ಕಡೆ ಇದೆ. ಯುಎಸ್‌ಬಿ ಡ್ರೈವ್‌ನಲ್ಲಿ ಪ್ಲೇಸ್ಟೇಷನ್ 5ರ ಗೇಮ್‌ಗಳನ್ನು ಇಡಬಹುದು, ಅಲ್ಲಿಂದಲೇ ಆಡಲಾಗದು. ಪ್ಲೇಸ್ಟೇಷನ್ 4ರ ಗೇಮ್‌ಗಳಾದರೆ ಆಡಬಹುದು.

ಇನ್ನು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ? ಹಾರ್ಡ್ ಡಿಸ್ಕ್‌ನೊಳಗೆ ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಓಡಾಡುವ ಕಡ್ಡಿ. ಪ್ರತಿ ಹೊಸ ಜಾಗಕ್ಕೆ ಆ ಕಡ್ಡಿ ತಲುಪಲು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಬೇಕು. ಒಂದು ಊರಿನ ದೃಶ್ಯ ತೆರೆಯಲು 5,000 ಚೂರುಗಳನ್ನು ಬೇರೆ ಬೇರೆ ಕಡೆಯಿಂದ ಹೆಕ್ಕಬೇಕಾದರೆ, ಹೆಕ್ಕುವುದಕ್ಕೇ 50 ಸೆಕೆಂಡು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದನ್ನು ಒಂದೆರಡು ಸೆಕೆಂಡಿನಲ್ಲಿ ಮುಗಿಸುತ್ತದೆ. ಆಟದಲ್ಲಿ ಓಡುತ್ತಿರುವಾಗ ಮುಂದಿನ ಗೋಡೆ ಮಸುಕಾಗಿ ಕಂಡು ಆಮೇಲೆ ಸ್ಪಷ್ಟವಾಗುತ್ತಿದ್ದರೆ, ಆ ಕಡ್ಡಿ ಇನ್ನೂ ಓಡಾಡುತ್ತಿದೆ ಎಂದು ಊಹಿಸಬಹುದು. ಒಮ್ಮೆ ಎಲ್ಲ ಮೆಮೊರಿಗೆ ಬಂದ ಮೇಲೆ ಚಿತ್ರದ ಸೊಗಸಾಗಲಿ, ಫ್ರೇಮ್‌ಗಳ ಸಂಖ್ಯೆಯಾಗಲಿ ಎಸ್‌ಎಸ್‌ಡಿಯಿಂದ ಅಷ್ಟಾಗಿ ಹೆಚ್ಚುವುದಿಲ್ಲ. ಅದು ಗ್ರಾಫಿಕ್ಸ್ ಚಿಪ್‌ನ ಕೆಲಸ.

ಎಸ್‌ಎಸ್‌ಡಿ ಕೊಂಡೂ ನಿಧಾನವಾಗಿದ್ದರೆ ಮೊದಲು ನೋಡಬೇಕಾದದ್ದು ಪೋರ್ಟ್. ಹಳೆಯ ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ 40 ಎಂಬಿ ಸಿಕ್ಕರೆ ಹೆಚ್ಚು. 60 ಜಿಬಿಗೆ 25 ನಿಮಿಷ. ಯುಎಸ್‌ಬಿ 3ರ ಪೋರ್ಟ್‌ನಲ್ಲಿ 400 ಎಂಬಿ ಸಿಕ್ಕರೂ ಎರಡೂವರೆ ನಿಮಿಷ ಸಾಕು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್‌ನ ಒಳನಾಲಗೆ ನೀಲಿಯಾಗಿರುತ್ತದೆ.

ಕಾಲೇಜು ಹುಡುಗ ಕೊನೆಗೆ ಹಳೆಯ ಡಿಸ್ಕ್ ಅನ್ನು NTFS ಮಾಡಿ ಉಗ್ರಾಣವಾಗಿ ಇಟ್ಟುಕೊಂಡ. ಸದ್ಯ ಆಡುತ್ತಿರುವ ಎರಡು ಗೇಮ್‌ಗಳಿಗೆಂದು 500 ಜಿಬಿಯ ಎಸ್‌ಎಸ್‌ಡಿ ತಂದ. ಸ್ಟೀಮ್‌ನ Move install folder ಒತ್ತಿದರೆ ಉಗ್ರಾಣದ 60 ಜಿಬಿ ಗೇಮ್ ಎಸ್‌ಎಸ್‌ಡಿಗೆ ಬರಲು ಎಂಟು-ಹತ್ತು ನಿಮಿಷ. ಅಷ್ಟರಲ್ಲಿ ಅವನ ಕಾಫಿ ಮುಗಿದಿರುತ್ತದೆ.