ಒಂದೇ ನಂಬರಿನ ಕಾಟ, ಒಂದು ಪುಟದ ದೂರು

ಮಾದರಿಗೆಂದು ಒಂದು ಪ್ರಕರಣ ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿಯ ಒಡತಿ. ಬೋರ್ಡಿನ ಮೇಲೆ ಮೊಬೈಲ್ ನಂಬರ್ ದಪ್ಪಕ್ಷರದಲ್ಲಿದೆ. ನವೆಂಬರ್ ಮೊದಲ ವಾರ ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಗೊತ್ತಿಲ್ಲದ ಒಂದು ನಂಬರಿನಿಂದ ಫೋನ್ ಬರುತ್ತದೆ. ಎತ್ತಿದರೆ ಹೊಲಸು ಮಾತು. ಮಾರನೇ ದಿನವೂ ಅದೇ ನಂಬರ್. ನಂಬರ್ ಬದಲಿಸಿ ಎನ್ನುವುದು ಮನೆಯವರ ಸಲಹೆ. ಆದರೆ ಇಷ್ಟು ವರ್ಷದ ಗಿರಾಕಿಗಳ ಬಳಿ ಇರುವುದು ಆ ನಂಬರೇ. ಯಾರೋ ಬೈದನೆಂದು ಇವರೇಕೆ ವ್ಯಾಪಾರ ಕಳೆದುಕೊಳ್ಳಬೇಕು?

ಬೆಳಿಗ್ಗೆ ಅವರು ಸಿಮ್ ಕೊಂಡಿದ್ದ ಕಂಪನಿಯ ಮಳಿಗೆಗೆ ಹೋಗುತ್ತಾರೆ. ಕೌಂಟರಿನ ಹುಡುಗ ಮರುಕದಿಂದಲೇ ಹೇಳುತ್ತಾನೆ: “ಮೇಡಂ, ಅದು ನಮ್ಮ ಕಂಪನಿ ನಂಬರೇ ಆಗಿದ್ರೂ ಹೆಸರು ಹೇಳೋ ಹಾಗಿಲ್ಲ. ಪೊಲೀಸ್ ಕಂಪ್ಲೇಂಟ್ ಕೊಡಿ.” ಠಾಣೆಗೆ ಹೋದರೆ ಅಲ್ಲಿಯ ಪ್ರಶ್ನೆ ಬೇರೆ: “ಎಷ್ಟು ಸಲ ಬಂತು? ಯಾವ ತಾರೀಖು? ಎಷ್ಟು ಗಂಟೆಗೆ?” ಉತ್ತರ ಬಾಯಲ್ಲಿದೆ, ಕಾಗದದಲ್ಲಿಲ್ಲ. ಹೆಚ್ಚಿನ ದೂರುಗಳು ಈ ಎರಡು ಬಾಗಿಲುಗಳ ನಡುವೆಯೇ ಸೊರಗುತ್ತವೆ.

ಹುಡುಗ ಹೇಳಿದ್ದು ಕುಂಟುನೆಪವಲ್ಲ. ಗ್ರಾಹಕರ ಹೆಸರು, ವಿಳಾಸ, ಕರೆ ವಿವರಗಳನ್ನು ಗುಟ್ಟಾಗಿಡಬೇಕು ಎನ್ನುವುದು ಮೊಬೈಲ್ ಕಂಪನಿಗಳ ಪರವಾನಗಿಯಲ್ಲೇ ಇರುವ ಷರತ್ತು. ಈ ಗುಟ್ಟು ಒಡೆದಾಗ ಏನಾಗುತ್ತದೆ ಎಂದು 2013ರಲ್ಲಿ ದೇಶ ನೋಡಿತು. ಆಗ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿಯವರ ಕರೆ ವಿವರಗಳನ್ನು ಅಕ್ರಮವಾಗಿ ಪಡೆದ ಪ್ರಕರಣ ಹೊರಬಂದು, ದೆಹಲಿ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬನ ಬಂಧನವಾಯಿತು. ಅದರ ಬೆನ್ನಿಗೇ ನಿಯಮ ಬಿಗಿಯಾಯಿತು. ಕರೆ ವಿವರ ಕೇಳುವ ಪತ್ರ ಎಸ್ಪಿ ದರ್ಜೆಯ ಅಥವಾ ಅದಕ್ಕಿಂತ ಮೇಲಿನ ಅಧಿಕಾರಿಯ ಮೂಲಕವೇ ಹೋಗಬೇಕೆಂದಾಯಿತು. ಎಸ್‌ಐಗೇ ನೇರವಾಗಿ ಸಿಗದ್ದು ಕೌಂಟರಿನಲ್ಲಿ ನಿಂತವರಿಗೆ ಸಿಗುವುದು ಹೇಗೆ?

ಹಾಗಾದರೆ ಕಂಪನಿಗೆ ಪತ್ರ ಬರೆದು ಏನು ಫಲ? ಫಲವಿದೆ, ಆದರೆ ಕೇಳಬೇಕಾದ್ದನ್ನು ಕೇಳಿದರೆ ಮಾತ್ರ. “ಅವನು ಯಾರೆಂದು ತಿಳಿಸಿ, ಅವನ ಸಿಮ್ ಇವತ್ತೇ ಕಟ್ ಮಾಡಿ” ಎಂದು ಬರೆದರೆ ಒಂದೇ ಸಾಲಿನ ಉತ್ತರ ಬಂದು ದೂರು ಮುಚ್ಚಿಹೋಗುತ್ತದೆ. ಪತ್ರದ ಕೆಲಸ ಬೇರೆ. ಇಂಥ ನಂಬರಿನಿಂದ, ಇಂಥ ಹೊತ್ತಿಗೆ ಕರೆ ಬಂದಿದೆ ಎಂದು ಇಂಥ ದಿನವೇ ದೂರಲಾಗಿತ್ತು ಎಂಬುದಕ್ಕೆ ಮೂರನೆಯವರ ಬಳಿ ಒಂದು ಗುರುತು ಮೂಡಿಸುವುದು. ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಕಂಪನಿ ಒಂದು ಡಾಕೆಟ್ ಸಂಖ್ಯೆ ಕೊಡಲೇಬೇಕು. ಆ ಸಂಖ್ಯೆಯೇ ಈ ಪತ್ರದ ಮೊದಲ ಗಳಿಕೆ. 198ಕ್ಕೆ ಉಚಿತ ಕರೆ ಮಾಡಿಯೂ ಅದನ್ನು ಪಡೆಯಬಹುದು. ಆದರೆ ಫೋನಿನಲ್ಲಿ ಹೇಳಿದ ವಿವರವನ್ನು ಅತ್ತಲಿನವರು ತಮಗೆ ತಿಳಿದಂತೆ ಬರೆದುಕೊಳ್ಳುತ್ತಾರೆ. ಪತ್ರವನ್ನೋ ಇಮೇಲನ್ನೋ ಕಳಿಸಿದರೆ ಮಾತು ನಮ್ಮದೇ ಆಗಿ ಉಳಿಯುತ್ತದೆ.

ದಾವಣಗೆರೆಯ ಒಡತಿ ಬರೆಯಬಹುದಾದ ಪತ್ರ ಹೀಗಿರುತ್ತದೆ. ನಂಬರುಗಳನ್ನು ಇಲ್ಲಿ ಬಿಟ್ಟಿದೆ. ನಿಜವಾದ ಪತ್ರದಲ್ಲಿ ಎರಡೂ ನಂಬರುಗಳ ಹತ್ತೂ ಅಂಕಿಗಳಿರಬೇಕು.

ದಿನಾಂಕ: 12-11-2025

ಗೆ,
ಗ್ರಾಹಕ ದೂರು ಕೇಂದ್ರ, ಕರ್ನಾಟಕ ವೃತ್ತ

ವಿಷಯ: ಒಂದೇ ನಂಬರಿನಿಂದ ಪದೇ ಪದೇ ಬರುತ್ತಿರುವ ಅಶ್ಲೀಲ, ನಿಂದನೆಯ ಕರೆಗಳ ಬಗ್ಗೆ

ಮಾನ್ಯರೇ,

ನಾನು ನಿಮ್ಮ ಪ್ರೀಪೇಯ್ಡ್ ಗ್ರಾಹಕಿ. ನನ್ನ ನಂಬರ್ ……. ನನಗೆ ಪರಿಚಯವಿಲ್ಲದ …… ನಂಬರಿನಿಂದ ಈ ಕೆಳಗಿನ ಕರೆಗಳು ಬಂದಿವೆ.

03-11-2025, ಸೋಮವಾರ, 23:42. ಮಾತಾಡಿದ್ದು 52 ಸೆಕೆಂಡು. ಗಂಡಸಿನ ದನಿ, ಅಶ್ಲೀಲ ಮಾತು.
04-11-2025, ಮಂಗಳವಾರ, 23:15 ಮತ್ತು 23:18. ಎರಡೂ ಮಿಸ್ಡ್ ಕಾಲ್.
08-11-2025, ಶನಿವಾರ, 00:20. 31 ಸೆಕೆಂಡು. ಅದೇ ದನಿ. ಅಂಗಡಿಯ ಹೆಸರು ಹೇಳಿ ಬೈದದ್ದು.
10-11-2025, ಸೋಮವಾರ, 21:05. ಮತ್ತೆ ಕರೆ ಮಾಡಬಾರದೆಂದು ಆ ನಂಬರಿಗೆ ನಾನು ಎಸ್‌ಎಂಎಸ್ ಕಳಿಸಿದ್ದು.
11-11-2025, ಮಂಗಳವಾರ, 22:50ರಿಂದ 23:30ರೊಳಗೆ 6 ಕರೆ. ಒಂದನ್ನು ಎತ್ತಿದೆ, ಮಾತಿಲ್ಲ, ಉಸಿರಿನ ಸದ್ದು.

ಕಾಲ್ ಲಾಗ್ ಮತ್ತು ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ದಯವಿಟ್ಟು (1) ಈ ದೂರು ದಾಖಲಿಸಿ ಡಾಕೆಟ್ ಸಂಖ್ಯೆ ಕೊಡಿ. (2) ಈ ಅವಧಿಯಲ್ಲಿ ನನ್ನ ನಂಬರಿಗೆ ಬಂದ ಕರೆಗಳ ದಾಖಲೆಯನ್ನು ಪೊಲೀಸರು ಕೇಳಿದಾಗ ಒದಗಿಸಲು ಕಾಯ್ದಿರಿಸಿ. (3) ಆ ನಂಬರ್ ನಿಮ್ಮ ಗ್ರಾಹಕರದಾಗಿದ್ದರೆ ನಿಮ್ಮ ನಿಯಮದ ಪ್ರಕಾರ ಎಚ್ಚರಿಕೆ ಕೊಡಿ. (4) ಕೈಗೊಂಡ ಕ್ರಮವನ್ನು ಬರಹದಲ್ಲಿ ತಿಳಿಸಿ. ಇದರ ಪ್ರತಿಯನ್ನು ಠಾಣೆಗೆ ಕೊಡುತ್ತಿದ್ದೇನೆ.

ಪತ್ರದಲ್ಲಿ ಅಳಲಿಲ್ಲ, ಬೈಗುಳವೂ ಇಲ್ಲ. ಕಂಪನಿಯ ಗುಮಾಸ್ತನಿಗೆ ಅವೆರಡೂ ಬೇಕಿಲ್ಲ. ಠಾಣೆಗೆ ಕೊಡುವ ದೂರಿನ ಮಾತು ಬೇರೆ. ಅಲ್ಲಿ “ಕೆಟ್ಟದಾಗಿ ಮಾತಾಡಿದ” ಎಂದಷ್ಟೇ ಬರೆದರೆ ಯಾವ ಕಲಮಿಗೂ ಸಾಲದು. ಆಡಿದ ಮಾತನ್ನು, ಎಷ್ಟೇ ಹೇಸಿಗೆಯಾದರೂ, ಆಡಿದ ಹಾಗೆಯೇ ಬರೆಯಬೇಕು. ಹೆಣ್ಣುಮಕ್ಕಳು ಹಿಂಜರಿಯುವುದು ಇಲ್ಲೇ. ಬಾಯಲ್ಲಿ ಹೇಳಲಾಗದಿದ್ದರೆ ಮನೆಯಲ್ಲೇ ಬರೆದು ಒಯ್ಯಬಹುದು.

ಪಟ್ಟಿಯ ಮೂರನೇ ಸಾಲನ್ನು ಇನ್ನೊಮ್ಮೆ ನೋಡಿ. ಆ ಕರೆ ಬಂದದ್ದು ಶುಕ್ರವಾರ ರಾತ್ರಿ ಎಂದೇ ಆಕೆಗೆ ನೆನಪು, ಇನ್ನೂ ಮಲಗಿರಲಿಲ್ಲವಲ್ಲ. ಆದರೆ ಹನ್ನೆರಡು ದಾಟಿತ್ತು, ನೆಟ್‌ವರ್ಕಿನ ಲೆಕ್ಕದಲ್ಲಿ ಅದು 8ನೇ ತಾರೀಖು, ಶನಿವಾರ. “7ರ ರಾತ್ರಿ 12.20” ಎಂದು ಬರೆದುಬಿಟ್ಟರೆ ಮುಂದೆ ಕಂಪನಿ ಕೊಡುವ ದಾಖಲೆಯಲ್ಲಿ ಅಂಥ ಕರೆಯೇ ಇರುವುದಿಲ್ಲ. ಎದುರಾಳಿ ವಕೀಲನಿಗೆ ಅಷ್ಟು ಸಾಕು. 24 ಗಂಟೆಯ ಲೆಕ್ಕದಲ್ಲಿ, ನೆನಪಿನಿಂದಲ್ಲದೆ ಕಾಲ್ ಲಾಗ್ ನೋಡಿಯೇ ಬರೆಯುವುದು ಇದಕ್ಕೇ.

10ನೇ ತಾರೀಖಿನ ಎಸ್‌ಎಂಎಸ್ ಕೂಡ ಸುಮ್ಮನೆ ಬಂದದ್ದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು, ಹೆಣ್ಣೊಬ್ಬಳು ಮನಸ್ಸಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಸಂಪರ್ಕಿಸುವುದನ್ನು ಅಪರಾಧವೆನ್ನುತ್ತದೆ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸೆರೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ. “ಸ್ಪಷ್ಟವಾಗಿ ತೋರಿಸಿದೆ” ಎನ್ನುವುದಕ್ಕೆ ಪುರಾವೆ ಆ ಒಂದು ಎಸ್‌ಎಂಎಸ್. ಅದನ್ನು ಒಂದೇ ಸಲ, ಬೈಯದೆ ಕಳಿಸಬೇಕು. ತಿರುಗಿ ಬೈದರೆ ಇಬ್ಬರ ಜಗಳವೆಂದು ಕಡತ ಮುಚ್ಚಲು ದಾರಿಯಾಗುತ್ತದೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ 79ನೇ ಕಲಮು ಇದೆ. ಬೈಸಿಕೊಂಡವರು ಗಂಡಸಾಗಿದ್ದರೆ ಈ ಎರಡೂ ಸಿಗವು. ಬೆದರಿಕೆಯಿದ್ದರೆ 351, ಬರೀ ಅವಮಾನವಾದರೆ 352. ಕೊನೆಯದು ಅಸಂಜ್ಞೇಯ ಅಪರಾಧವಾದ್ದರಿಂದ ಪೊಲೀಸರು ಎನ್‌ಸಿಆರ್ ಬರೆದುಕೊಂಡು, ತನಿಖೆಗೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕೆನ್ನುತ್ತಾರೆ. ಅದು ಕಾನೂನಿನ ಮಾತೇ.

ಮಾತಿಲ್ಲದ ಕರೆಯನ್ನು ಪಟ್ಟಿಗೆ ಸೇರಿಸಬೇಕೇ? ಸೇರಿಸಬೇಕು. ಮೂವರು ಹೆಂಗಸರಿಗೆ, ಹೆಚ್ಚಾಗಿ ರಾತ್ರಿ ಹೊತ್ತು, ಫೋನ್ ಮಾಡಿ ಸುಮ್ಮನಿರುತ್ತಿದ್ದವನ ಪ್ರಕರಣ 1997ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಮೌನವೂ ಹಲ್ಲೆಯಾಗಬಲ್ಲದು ಎಂದು ಅಲ್ಲಿನ ನ್ಯಾಯಾಧೀಶರು ಹೇಳಿದರು. ನಮ್ಮಲ್ಲಿ ಮಿಸ್ಡ್ ಕಾಲೂ ಸುಮ್ಮನಿದ್ದ ಕರೆಯೂ “ಮತ್ತೆ ಮತ್ತೆ” ಎನ್ನುವುದನ್ನು ಗಟ್ಟಿಮಾಡುತ್ತವೆ.

ಇನ್ನು ಕಂಪನಿಯ ಕೈಯಲ್ಲಿ ನಿಜಕ್ಕೂ ಏನಿರುತ್ತದೆ? ಸಿಡಿಆರ್ ಎಂದು ಪೊಲೀಸರು ಕರೆಯುವ ಕರೆ ವಿವರದ ದಾಖಲೆ. ಯಾವ ನಂಬರಿನಿಂದ ಯಾವ ನಂಬರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರ್, ಯಾವ ಹ್ಯಾಂಡ್‌ಸೆಟ್ಟಿನ ಐಎಂಇಐ ಎಂಬುದೆಲ್ಲ ಅದರಲ್ಲಿದೆ. ಆಡಿದ ಮಾತು ಮಾತ್ರ ಇಲ್ಲ. “ಕಂಪನಿಯವರು ರೆಕಾರ್ಡ್ ತೆಗೆದು ಕೇಳಲಿ” ಎನ್ನುವುದು ಬಹಳ ಜನರ ತಪ್ಪು ನಂಬಿಕೆ. ಮಾತು ಬೇಕಿದ್ದರೆ ನಮ್ಮ ಫೋನಿನಲ್ಲೇ ರೆಕಾರ್ಡ್ ಆಗಿರಬೇಕು. 2021ರ ಡಿಸೆಂಬರಿನ ತಿದ್ದುಪಡಿಯಿಂದ ಈ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಡುವುದು ಕಡ್ಡಾಯ. ಹಾಗಾಗಿ ಹೆಚ್ಚು ಬೇಗ ಕಳೆದುಹೋಗುವುದು ನಮ್ಮ ಕಡೆಯದೇ. ಹೊಸ ಕರೆಗಳು ತುಂಬಿದಂತೆ ಹಳೆಯವು ಕಾಲ್ ಲಾಗಿನಿಂದ ಅಳಿಯುತ್ತವೆ, ಫೋನ್ ರೀಸೆಟ್ ಮಾಡಿದರೆ ಎಲ್ಲವೂ ಹೋಗುತ್ತದೆ. ಬಿಲ್ಲಿನಿಂದ ತೆಗೆಯೋಣವೆಂದರೆ ಅದರಲ್ಲಿ ಸಾಮಾನ್ಯವಾಗಿ ಹೊರಹೋದ ಕರೆಗಳಷ್ಟೇ ಇರುತ್ತವೆ.

ಪತ್ರ ನಮ್ಮ ಸಿಮ್ ಕಂಪನಿಗೇ ಹೋಗಬೇಕು. ನಂಬರಿನ ಮೊದಲ ನಾಲ್ಕು ಅಂಕಿ ನೋಡಿ ಬೈದವನ ಕಂಪನಿ ಯಾವುದೆಂದು ಹೇಳುವ ಕಾಲ, 2011ರ ಜನವರಿಯಲ್ಲಿ ನಂಬರ್ ಪೋರ್ಟಬಿಲಿಟಿ ದೇಶಕ್ಕೆಲ್ಲ ಬಂದಾಗಲೇ ಮುಗಿಯಿತು. ಇದಕ್ಕಾಗಿ 1909ಕ್ಕೆ ದೂರುವುದೂ ವ್ಯರ್ಥ. ಅದು ಜಾಹೀರಾತಿನ ಕರೆಗಳಿಗೆ ಇರುವ ಸಂಖ್ಯೆ. ಸಂಚಾರ್ ಸಾಥಿಯ ಚಕ್ಷು ಇರುವುದು ಮೋಸದ ಕರೆಗಳಿಗೆ. ಕಂಪನಿ ಉತ್ತರವನ್ನೇ ಕೊಡದಿದ್ದರೆ, ಅಥವಾ ಓದದೆ ದೂರು ಮುಚ್ಚಿದರೆ, ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಉಚಿತವಾಗಿ ಬರೆಯಬಹುದು. ಅದು 39 ದಿನದೊಳಗೆ ತೀರ್ಮಾನ ಹೇಳಬೇಕು. ಅಲ್ಲಿ 2019ರ ಫೆಬ್ರವರಿಯ ಒಂದು ಆದೇಶವನ್ನು ನೆನಪಿಸಬಹುದು. ಅಶ್ಲೀಲ, ಬೆದರಿಕೆಯ ಸಂದೇಶ ಕಳಿಸುವ ಗ್ರಾಹಕರ ಮೇಲೆ ಕ್ರಮ ಕೈಗೊಳ್ಳುವಂತೆ ದೂರಸಂಪರ್ಕ ಇಲಾಖೆ ಆಗ ಕಂಪನಿಗಳಿಗೆ ಸೂಚಿಸಿತ್ತು.

ಠಾಣೆಯಲ್ಲಿ ಪ್ರಕರಣ ದಾಖಲಾದ ಮೇಲೆ ತನಿಖಾಧಿಕಾರಿ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ದಾಖಲೆ ತರಿಸಿಕೊಳ್ಳಬಹುದು. ಸಿಮ್ ಯಾರ ಹೆಸರಿನಲ್ಲಿದೆ ಎಂಬುದು ಆಗ ತಿಳಿಯುತ್ತದೆ. ಹೆಸರಿದ್ದವನೇ ಬೈದವನು ಎಂದೇನೂ ಅಲ್ಲ. ತಾಯಿಯ ಹೆಸರಿನ ಸಿಮ್ ಮಗನ ಕೈಯಲ್ಲಿ, ಗೆಳೆಯನದು ಇನ್ನೊಬ್ಬನ ಕೈಯಲ್ಲಿ ಇರುವುದುಂಟು. ಟವರ್ ಮತ್ತು ಐಎಂಇಐ ಆಗ ಕೆಲಸಕ್ಕೆ ಬರುತ್ತವೆ. ಒಂದೇ ಹ್ಯಾಂಡ್‌ಸೆಟ್ಟಿಗೆ ಬೇರೆ ಯಾವ ಸಿಮ್ ಹಾಕಿದ್ದರು ಎಂಬುದರಿಂದ ನಿಜವಾದ ಆಸಾಮಿ ಸಿಕ್ಕಿಬೀಳಬಹುದು. ಸ್ಕ್ರೀನ್‌ಶಾಟ್ ಮತ್ತು ರೆಕಾರ್ಡಿಂಗ್ ಕೋರ್ಟಿಗೆ ಹೋಗುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಆದ್ದರಿಂದ ಮೂಲ ಫೋನನ್ನು ಎಕ್ಸ್‌ಚೇಂಜಿಗೆ ಹಾಕದೆ ಇಟ್ಟುಕೊಳ್ಳುವುದು ಒಳ್ಳೆಯದು.

ಬೈಗುಳ ವಾಟ್ಸ್ಆ್ಯಪ್ ಕರೆಯಲ್ಲಿ ಬಂದರೆ ಈ ಪತ್ರದ ಬಲ ಅರ್ಧಕ್ಕಿಳಿಯುತ್ತದೆ. ಸಾಮಾನ್ಯ ಕರೆಯಂತೆ ಅದು ಸಿಡಿಆರ್‌ನಲ್ಲಿ ಬರುವುದಿಲ್ಲ, ಕಂಪನಿಗೆ ಕಾಣುವುದು ಇಂಟರ್‌ನೆಟ್ ಬಳಕೆ ಮಾತ್ರ. ಅಂಥ ಕರೆಯನ್ನು ಪಟ್ಟಿಯಲ್ಲಿ “ವಾಟ್ಸ್ಆ್ಯಪ್” ಎಂದು ಬೇರೆಯಾಗಿಯೇ ಬರೆದು, ಆ ಸ್ಕ್ರೀನ್‌ಶಾಟುಗಳನ್ನು cybercrime.gov.in ಜಾಲತಾಣಕ್ಕೋ ಜಿಲ್ಲೆಯ ಸಿಇಎನ್ ಠಾಣೆಗೋ ಕೊಡಬೇಕು.